ಬರೀ ವೆಜ್‌ನಲ್ಲಿ 20 ಗ್ರಾಂ ಕಾರ್ಬ್: ಎರಡು ಸಲ ಸೋತು ಮೂರನೇ ಸಲ ಕೂತ ಲೆಕ್ಕ

ಮೊಟ್ಟೆನೂ ಇಲ್ದೆ, ದಿನಕ್ಕೆ 20 ಗ್ರಾಂ ಕಾರ್ಬ್ ಒಳಗೆ ಸ್ಟ್ರಿಕ್ಟ್ ಕೀಟೋ ಆಗೋ ಮಾತೇ ಅಲ್ಲ ಅಂತ ಗೆಳೆಯರೆಲ್ಲ ನಕ್ಕಿದ್ರು. ಮೊದಲೆರಡು ಸಲ ಅವರು ಹೇಳಿದ್ದೇ ಆಯ್ತು ಬಿಡಿ.

ಮೊದಲ ಸಲ ಪ್ರೋಟೀನ್ ಬೇಕು ಅಂತ ಬೇಳೆ ಕಟ್ಟು ಕುಡಿದೆ. 30 ಗ್ರಾಂ ಬೇಳೆಗೆ ಪ್ರೋಟೀನ್ ಆರೇಳು ಗ್ರಾಂ ಸಿಗುತ್ತೆ, ಕಾರ್ಬ್ ಮಾತ್ರ ಹೆಚ್ಚುಕಮ್ಮಿ ಹದಿನೈದು, ದಿನದ ಕೋಟಾ ಅಲ್ಲೇ ಢಮಾರ್. ಎರಡನೇ ಸಲ ಪ್ಯಾಕೆಟ್ ಕೀಟೋ ಹಿಟ್ಟು, ಬರೀ ಬಾದಾಮಿ ಅಂತ ಸುರಿದು ದಿನಸಿ ಖರ್ಚು ಸುಮಾರು ಎರಡು ಪಟ್ಟಾಯ್ತು, ಮೂತ್ರದಲ್ಲಿ ಕೀಟೋನ್ ಇದೆಯಾ ಅಂತ ತೋರಿಸೋ ಸ್ಟ್ರಿಪ್ ಮಾತ್ರ ಬಣ್ಣ ತಿರುಗಲಿಲ್ಲ. ವಾರ ತಲೆ ಕೆರ್ಕೊಂಡ ಮೇಲೆ ಗೊತ್ತಾಗಿದ್ದು, ಕಳ್ಳ ಇದ್ದಿದ್ದು ಕಾಫಿ ಲೋಟದಲ್ಲಿ! ಸಕ್ಕರೆ ಬಿಟ್ಟಿದ್ದೆ ನಿಜ, ಆದ್ರೆ 100 ಎಂಎಲ್ ಹಾಲಲ್ಲೇ ಐದು ಗ್ರಾಂ ಹತ್ರ ಲ್ಯಾಕ್ಟೋಸ್ ಇರುತ್ತೆ, ದಿನಕ್ಕೆ ಮೂರು ಲೋಟ ಅಂದ್ರೆ ಹದಿನೈದು ಹೋಯ್ತಲ್ಲ.

ಈಗ ಅದೇ ಹಾಲನ್ನ ಒಡೆದು ಪನೀರ್ ಮಾಡ್ತೀನಿ, ಲ್ಯಾಕ್ಟೋಸ್ ಬಹುಪಾಲು ನೀರಿನ ಜೊತೆ ಹೊರಟುಹೋಗುತ್ತೆ. ಬಟ್ಟೇಲಿ ಕಟ್ಟಿ ಸುಮ್ನೆ ನೇತುಹಾಕಿದ್ರೆ ಸಾಲದು, ಮೇಲೆ ಭಾರ ಇಟ್ಟು ಒತ್ತಬೇಕು. ಚಾಕು ಹಾಕಿದಾಗ ಬಿಲ್ಲೆ ಪುಡಿ ಆಗಬಾರದು, ತಟ್ಟೇಲಿ ನೀರೂ ಬಿಡಬಾರದು. ಒತ್ತೋಕೆ ಮುಂಚೆ ನಾನೊಂದು ಕೆಲಸ ಮಾಡ್ತೀನಿ, ಅದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಪ್ಲಾನ್ ಮಾಡುವಾಗ ಮೊದಲು ಪ್ರೋಟೀನ್ ಕೂರಿಸ್ತೀನಿ, ಆಮೇಲೆ ಕಾರ್ಬ್ ನೋಡ್ತೀನಿ, ತುಪ್ಪ ಕೊನೆಗೆ. ಪನೀರ್ 250 ಗ್ರಾಂ ಅಂದ್ರೆ ಪ್ರೋಟೀನ್ 45ರ ಆಸುಪಾಸು, ಕಾರ್ಬ್ ಐದಾರು. ಕಡಲೆಕಾಯಿ ಬೀಜ ಒಂದು ಹಿಡಿ, ಬಾದಾಮಿ ಅದಕ್ಕಿಂತ ಸ್ವಲ್ಪ ಕಮ್ಮಿ, ಅಗಸೆ 20 ಗ್ರಾಂ, ಹಸಿ ತೆಂಗಿನಕಾಯಿ 40 ಗ್ರಾಂ, ಹೂಕೋಸು ಸೊಪ್ಪು ಸೇರಿ 200 ಗ್ರಾಂ. ಇಷ್ಟಕ್ಕೆ ಪ್ರೋಟೀನ್ 65 ದಾಟುತ್ತೆ, ನಾರು ಕಳೆದ ಕಾರ್ಬ್ ಹದಿನೆಂಟರ ಹತ್ರ, ಕೊಬ್ಬು ನೂರು. ಮೇಲೆ 20 ಗ್ರಾಂ ತುಪ್ಪ ಸುರಿದ್ರೆ 1,400 ಕ್ಯಾಲೊರಿ ಚಿಲ್ಲರೆ. ನನ್ನ ಮೈಗೆ ಸಾಕು, ದೊಡ್ಡ ಆಳಾದ್ರೆ ತುಪ್ಪ ಏರಿಸಿ, ಕಡಲೆಕಾಯಿ ಬೀಜ ಏರಿಸಬೇಡಿ. ಒಗ್ಗರಣೆಗೆ ಈರುಳ್ಳಿ ಹಾಕೋ ಅಭ್ಯಾಸ ಇದ್ರೆ ತೂಕ ಹಾಕಿ, 100 ಗ್ರಾಂ ಈರುಳ್ಳಿಗೇ ಏಳೆಂಟು ಗ್ರಾಂ ಕಾರ್ಬ್ ಹೋಗುತ್ತೆ.

ನಡುವೆ ಅಗಸೆ ಹಿಟ್ಟಿನ ರೊಟ್ಟಿ ತಟ್ಟೋಕೆ ಹೋದೆ, ಹೆಂಚಿಂದ ಏಳಲೇ ಇಲ್ಲ, ಕೆರೆದು ತಿಂದೆ. ಕುದಿನೀರಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟ ಮೇಲೆ ಸುಮಾರಾಗಿ ಬಂತು.

ಮೂರನೇ ದಿನ ತಲೆನೋವು ಬಂದಾಗ ಬಿಸಿನೀರಿಗೆ ಉಪ್ಪು ಹಾಕಿ ಕುಡಿದೆ, ಅರ್ಧ ಗಂಟೇಲಿ ಇಳೀತು. ಶುಗರ್, ಬಿಪಿ ಮಾತ್ರೆ ತಗೊಳೋರು ಡಾಕ್ಟ್ರನ್ನ ಕೇಳದೆ ಉಪ್ಪುನೀರಿಗಾಗ್ಲಿ ಕೀಟೋಗಾಗ್ಲಿ ಕೈ ಹಾಕಬೇಡಿ. ಐದನೇ ದಿನ ಬೆಳಿಗ್ಗೆ ಸ್ಟ್ರಿಪ್ ನೇರಳೆಗೆ ತಿರುಗ್ತು, ಫೋಟೋ ತೆಗೆದು ನಕ್ಕಿದ್ದೋರಿಗೆಲ್ಲ ಕಳಿಸಿದೆ.