ವಿಶ್ವಾಸ, ಕೃಪೆ, ಅಧಿಕಾರ: ರೇಗನ್ಸ್‌ಬರ್ಗ್‌ನಿಂದ ಪ್ರಬಂಧ ಕಟ್ಟಿದ ನನ್ನ ಅನುಭವ

ಕ್ರೈಸ್ತಧರ್ಮದ ಇತಿಹಾಸ ಪತ್ರಿಕೆಗಾಗಿ ಹದಿನಾರನೆಯ ಶತಮಾನದ ಸುಧಾರಣಾ ವಾದಗಳನ್ನು ಸಂಗ್ರಹಿಸಿ ಬರೆಯಬೇಕಿತ್ತು. 1517ರಲ್ಲಿ ಮಾರ್ಟಿನ್ ಲೂಥರ್ ಪಾಪಪರಿಹಾರ ಪತ್ರಗಳ ಮಾರಾಟವನ್ನು ಪ್ರಶ್ನಿಸಿದ ವಿಟೆನ್‌ಬರ್ಗ್‌ನಿಂದ ಹೊರಟು, ವಿಶ್ವಾಸ, ಕೃಪೆ, ಅಧಿಕಾರ ಎಂದು ಮೂರು ಶೀರ್ಷಿಕೆಗಳಡಿ ಒಂದೊಂದನ್ನೇ ವಿವರಿಸುವುದು ವಾಡಿಕೆ. ಆದರೆ ಹಾಗೆ ಬರೆದರೆ ಈ ಮೂರರ ನಡುವಿನ ಗಂಟು ಕಾಣುವುದಿಲ್ಲ. ಆದ್ದರಿಂದ ನಾನು 1541ರಲ್ಲಿ ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ನಡೆದ ಮಾತುಕತೆಯನ್ನು ನಡುವಿಗಿಟ್ಟುಕೊಂಡೆ. ಕ್ಯಾಥೊಲಿಕರು, ಪ್ರೊಟೆಸ್ಟೆಂಟರು ಎರಡೂ ಪಕ್ಷದವರು ಒಂದೇ ಮೇಜಿನ ಸುತ್ತ ಕೂತು, ಅತಿ ಕಠಿಣವೆಂದುಕೊಂಡಿದ್ದ ವಿಷಯದಲ್ಲಿ ಒಪ್ಪಿ, ಬೇರೆಡೆ ಮುರಿದುಕೊಂಡ ಪ್ರಸಂಗ ಅದು.

ಮಾತುಕತೆಗೆ ಕರೆದವನು ಚಕ್ರವರ್ತಿ ಐದನೆಯ ಚಾರ್ಲ್ಸ್. ಕ್ಯಾಥೊಲಿಕ್ ಪಕ್ಷದಲ್ಲಿ ಯೋಹಾನ್ ಎಕ್, ಗ್ರಾಪರ್, ಫ್ಲೂಗ್ ಇದ್ದರು. ಪ್ರೊಟೆಸ್ಟೆಂಟ್ ಪಕ್ಷದಲ್ಲಿ ಮೆಲಾಂಕ್ಥನ್, ಬ್ಯೂಸರ್, ಪಿಸ್ಟೋರಿಯಸ್. ಪೋಪನ ಪ್ರತಿನಿಧಿಯಾಗಿ ಕಾರ್ಡಿನಲ್ ಕಾಂಟರೀನಿ ಬಂದಿದ್ದ. ಚರ್ಚೆಗೆ 23 ವಿಧಿಗಳ ಒಂದು ಕರಡು ಸಿದ್ಧವಾಗಿತ್ತು. ಅದರ ಐದನೆಯ ವಿಧಿ, ಪಾಪಿಯು ದೇವರ ಮುಂದೆ ನೀತಿವಂತನಾಗುವುದು ಹೇಗೆ ಎಂಬುದು. ಮೇ 2ರಂದು ಅದಕ್ಕೆ ಎಲ್ಲರೂ ಒಪ್ಪಿದರು. ಅಲ್ಲಿದ್ದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ತನ್ನ ಗೆಳೆಯ ಫಾರೆಲ್‌ಗೆ ಬರೆದ ಪತ್ರದಲ್ಲಿ, ಎದುರು ಪಕ್ಷ ಇಷ್ಟೆಲ್ಲ ಬಿಟ್ಟುಕೊಟ್ಟಿದ್ದನ್ನು ಕಂಡು ಅಚ್ಚರಿಪಟ್ಟಿದ್ದಾನೆ.

ಈ ವಿಧಿಯನ್ನು ನಿಧಾನವಾಗಿ ಓದುವುದಕ್ಕೇ ನಾನು ಹೆಚ್ಚು ಸಮಯ ಕೊಟ್ಟೆ. ವಿಶ್ವಾಸದಿಂದ ಮನುಷ್ಯ ನೀತಿವಂತನಾಗುತ್ತಾನೆ ಎಂದು ಅದು ಹೇಳುತ್ತದೆ, ಆದರೆ ಆ ವಿಶ್ವಾಸ ಜೀವಂತವೂ ಕ್ರಿಯಾಶೀಲವೂ ಆಗಿರಬೇಕು ಎನ್ನುತ್ತದೆ. ಮೊದಲ ಮಾತಿನಲ್ಲಿ ಲೂಥರ್‌ನ ಕಡೆಯವರು ತಮ್ಮ ಬೋಧನೆಯನ್ನು ಕಂಡರು. ಎರಡನೆಯದರಲ್ಲಿ ಕ್ಯಾಥೊಲಿಕರು ಪ್ರೀತಿಗೂ ಸತ್ಕ್ರಿಯೆಗೂ ಜಾಗ ಕಂಡರು. ಮನುಷ್ಯನೊಳಗೆ ಕೃಪೆ ಹುಟ್ಟಿಸುವ ನೀತಿಯೂ ಉಂಟು, ಕ್ರಿಸ್ತನದಾಗಿದ್ದು ನಮ್ಮದೆಂದು ಎಣಿಕೆಯಾಗುವ ನೀತಿಯೂ ಉಂಟು, ಆದರೆ ಆತ್ಮ ಆತುಕೊಳ್ಳಬೇಕಾದದ್ದು ಎರಡನೆಯದರ ಮೇಲೆ ಎಂಬುದು ವಿಧಿಯ ತಿರುಳು. ಲೂಥರ್‌ಗೆ ಇದು ತೇಪೆ ಹಚ್ಚಿದ ಬಟ್ಟೆಯಂತೆ ಕಂಡಿತು. ರೋಮ್ ಕೂಡ ಒಪ್ಪಲಿಲ್ಲ.

ಇಂಥ ಪಠ್ಯಗಳನ್ನು ಸಂಗ್ರಹಿಸುವಾಗ ನಾನು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿದೆ: ತೀರ್ಪಿನ ದಿನ ಮನುಷ್ಯ ನೆಚ್ಚಿಕೊಳ್ಳುವುದು ಯಾವುದನ್ನು? ‘ಕ್ಯಾಥೊಲಿಕರು ಕ್ರಿಯೆಗಳಿಂದ ರಕ್ಷಣೆ ಎಂದರು, ಪ್ರೊಟೆಸ್ಟೆಂಟರು ಕೃಪೆಯಿಂದ ಎಂದರು’ ಎಂಬ ಸಾಲು ವಿದ್ಯಾರ್ಥಿ ಪ್ರಬಂಧಗಳಲ್ಲಿ ಬಹಳ ಕಾಣುತ್ತದೆ, ಅದು ಸರಿಯಲ್ಲ. ಕೃಪೆಯಿಲ್ಲದೆ ರಕ್ಷಣೆಯಿಲ್ಲ ಎಂಬುದನ್ನು ಇಬ್ಬರೂ ಹೇಳಿದರು. ಕೃಪೆ ಮನುಷ್ಯನೊಳಗೆ ಇಳಿದು ಅವನನ್ನು ಬದಲಿಸಿದ್ದೇ ನೀತಿಯೋ, ಅಥವಾ ಕ್ರಿಸ್ತನ ನೀತಿಯನ್ನು ಅವನ ಲೆಕ್ಕಕ್ಕೆ ಹಿಡಿದದ್ದು ನೀತಿಯೋ ಎಂಬಲ್ಲಿ ಜಗಳ.

ಮಾತುಕತೆ ಮುರಿದುಬಿದ್ದದ್ದು ಮುಂದಿನ ವಿಧಿಗಳಲ್ಲಿ. ಒಂಬತ್ತನೆಯದು ಶಾಸ್ತ್ರವನ್ನು ಅರ್ಥೈಸಲು ಕ್ರೈಸ್ತಸಭೆಗಿರುವ ಅಧಿಕಾರದ ಬಗ್ಗೆ. ಬಿಷಪರು ಸೇರಿ ತೀರ್ಮಾನಿಸುವ ಮಹಾಸಭೆಗಳು ತಪ್ಪಬಲ್ಲವು ಎಂಬ ನಿಲುವನ್ನು ಮೆಲಾಂಕ್ಥನ್ ಬಿಡಲಿಲ್ಲ, ಹಾಗಾಗಿ ಅದನ್ನು ಬದಿಗಿಟ್ಟು ಮುಂದುವರಿದರು. ಪರಮಪ್ರಸಾದದ ವಿಷಯಕ್ಕೆ ಬಂದಾಗ ಬದಿಗಿಟ್ಟದ್ದೇ ಅಡ್ಡ ಬಂದಿತು. ರೊಟ್ಟಿ ಮತ್ತು ದ್ರಾಕ್ಷಾರಸದ ಸಾರವೇ ಬದಲಾಗುತ್ತದೆ ಎಂದು 1215ರ ಲ್ಯಾಟರನ್ ಮಹಾಸಭೆ ಹೇಳಿತ್ತು; ಕಾಂಟರೀನಿಗೆ ಅದು ತೀರ್ಮಾನವಾದ ಸಂಗತಿ, ಮತ್ತೆ ಚೌಕಾಸಿ ಮಾಡುವಂಥದ್ದಲ್ಲ. ಪ್ರೊಟೆಸ್ಟೆಂಟರಿಗೆ ಮಹಾಸಭೆ ಹೇಳಿತೆಂಬುದೇ ಸಾಕಾಗುವ ಕಾರಣವಾಗಿರಲಿಲ್ಲ.

ಇಲ್ಲಿಂದ ನಾನು ಹಿಂದಕ್ಕೆ, 1519ರ ಲೈಪ್‌ಜಿಗ್‌ಗೆ ಹೋದೆ. ಅಲ್ಲಿಯೂ ಇದೇ ಎಕ್ ಲೂಥರ್‌ನ ಎದುರಿದ್ದ. 1415ರಲ್ಲಿ ಕಾನ್‌ಸ್ಟಾನ್ಸ್ ಮಹಾಸಭೆ ಸುಡಿಸಿದ ಯಾನ್ ಹುಸ್‌ನ ಬೋಧನೆಯನ್ನೇ ನೀನು ಹೇಳುತ್ತಿರುವೆ ಎಂದು ಅವನು ಒತ್ತಿದಾಗ, ಹುಸ್‌ನ ಮಾತುಗಳಲ್ಲಿ ಎಷ್ಟೋ ನಿಜವಾದ ಕ್ರೈಸ್ತ ಮಾತುಗಳು ಎಂದು ಲೂಥರ್ ಒಪ್ಪಿಕೊಂಡ. ಒಂದು ಮಹಾಸಭೆ ತಪ್ಪಿದೆಯೆಂದ ಮೇಲೆ ಕೊನೆಯ ಮಾತು ಶಾಸ್ತ್ರದ್ದೇ ಆಗಬೇಕಾಯಿತು. ಪಾಪಪರಿಹಾರ ಪತ್ರಗಳ ಮಾರಾಟದಿಂದ ಶುರುವಾದ ವಾದ ಎರಡೇ ವರ್ಷದಲ್ಲಿ ಇಲ್ಲಿಗೆ ಬಂದು ನಿಂತಿತ್ತು. ಕಾಲಾನುಕ್ರಮದಲ್ಲಿ ಮೊದಲೇ ಹೇಳಿದ್ದರೆ ಈ ಘಟನೆಯ ಭಾರ ಓದುಗರಿಗೆ ತಟ್ಟುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಕೊನೆಯ ಭಾಗಕ್ಕೆ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆಯ ಎರಡು ತೀರ್ಮಾನಗಳನ್ನು ಮಾತ್ರ ತೆಗೆದುಕೊಂಡೆ. ಟ್ರೆಂಟ್ ಅಧಿಕಾರದ ಪ್ರಶ್ನೆಯನ್ನು ಮೊದಲು ಕೈಗೆತ್ತಿಕೊಂಡಿತು: 1546ರ ಏಪ್ರಿಲ್‌ನಲ್ಲಿ ಶಾಸ್ತ್ರವನ್ನೂ ಅಪೊಸ್ತಲರಿಂದ ಬಂದ ಪರಂಪರೆಯನ್ನೂ ಸಮಾನ ಗೌರವದಿಂದ ಸ್ವೀಕರಿಸುವುದಾಗಿ ಸಾರಿತು. ನೀತಿಯ ವಿಷಯದ ಆದೇಶ ಬಂದದ್ದು 1547ರ ಜನವರಿ 13ರಂದು. ಅದರ ಏಳನೆಯ ಅಧ್ಯಾಯವನ್ನು ರೇಗನ್ಸ್‌ಬರ್ಗ್‌ನ ಐದನೆಯ ವಿಧಿಯ ಪಕ್ಕದಲ್ಲಿಟ್ಟು ಓದಿದೆ. ದೇವರು ನಮ್ಮನ್ನು ನಿಜವಾಗಿ ನೀತಿವಂತರನ್ನಾಗಿ ಮಾಡುವ ಆ ಒಂದೇ ನೀತಿಯಿಂದ ನಾವು ನೀತಿವಂತರು ಎಂದು ಅದು ಹೇಳುತ್ತದೆ. ಎರಡು ನೀತಿಗಳ ಮಾತನ್ನು ಉಳಿಸಲು ಅಗಸ್ಟೀನಿಯನ್ ಸಂಘದ ಮುಖ್ಯಸ್ಥ ಸೆರಿಪಾಂಡೊ ಟ್ರೆಂಟ್‌ನಲ್ಲಿ ವಾದಿಸಿದ್ದ, ಬಹುಮತ ಅವನ ಕಡೆ ಬರಲಿಲ್ಲ. ಕಾಂಟರೀನಿ 1542ರಲ್ಲಿಯೇ ತೀರಿಕೊಂಡಿದ್ದ.