ಐದು ಚೀಟಿ ಎತ್ತಿ ಮಾಡಿದ ತೀರ್ಮಾನ

ಮನೆಗಳ ವಾಟರ್ ಪ್ಯೂರಿಫೈಯರ್ ಸರ್ವಿಸ್ ಮಾಡುವ ಒಂದು ಕಂಪನಿಯಲ್ಲಿ ನಾನು ಮ್ಯಾನೇಜರ್. ಬೆಂಗಳೂರಿನ ಪೂರ್ವ ಭಾಗ ನನ್ನದು. 11 ಟೆಕ್ನಿಷಿಯನ್‌ಗಳು, ದಿನಕ್ಕೆ ಸುಮಾರು 55 ಕಾಲ್. ಇನ್ನಿಬ್ಬರನ್ನು ತೆಗೆದುಕೊಳ್ಳಬೇಕಾ ಬೇಡವಾ ಅಂತ ಮೂರು ವಾರ ಏನೂ ಹೇಳದೆ ಕೂತಿದ್ದೆ. ಒಂದು ಕಾಲ್‌ಗೆ ನಿಜವಾಗಿ ಎಷ್ಟು ಹೊತ್ತು ಬೇಕು ಎನ್ನುವ ಲೆಕ್ಕವೇ ನನ್ನ ಹತ್ತಿರ ಇರಲಿಲ್ಲ. ಹುಡುಗರು ಸಂಜೆ ಮನೆಗೆ ಹೋಗುವಾಗ ಆಪ್‌ನಲ್ಲಿ ಎಲ್ಲ ಕಾಲ್‌ಗಳನ್ನೂ ಒಟ್ಟಿಗೆ ಕ್ಲೋಸ್ ಮಾಡುತ್ತಾರೆ. ಸರಿಯಾದ ರಿಪೋರ್ಟ್ ಬರಲಿ ಎಂದು ಕಾಯುತ್ತಿದ್ದೆ. ಅದು ಬರುವಂಥದ್ದೇ ಅಲ್ಲ ಅಂತ ಒಳಗೊಳಗೇ ಗೊತ್ತಿತ್ತು.

ಚರ್ಚ್ ಸ್ಟ್ರೀಟ್‌ಗೆ ಹೋಗಿ ಪುಸ್ತಕಗಳನ್ನು ತಂದೆ. ಡೇನಿಯಲ್ ಕಾನಮನ್ ಅವರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' ಓದಿದ ಮೇಲೆ ನನ್ನ ತಲೆಯ ಮೇಲೇ ಅನುಮಾನ ಬಂದು ಇನ್ನೂ ಗಟ್ಟಿಯಾಗಿ ಕೂತುಬಿಟ್ಟೆ. ಪೋಕರ್ ಆಡುತ್ತಿದ್ದ ಆನಿ ಡ್ಯೂಕ್ ಅವರ 'ಥಿಂಕಿಂಗ್ ಇನ್ ಬೆಟ್ಸ್' ಚೆನ್ನಾಗಿತ್ತು. ಫಲ ಕೆಟ್ಟಿತು ಅಂದಮಾತ್ರಕ್ಕೆ ತೀರ್ಮಾನ ಕೆಟ್ಟದ್ದಲ್ಲ ಎನ್ನುತ್ತಾರೆ. ಆದರೆ ಸೋಮವಾರ ಬೆಳಿಗ್ಗೆ ಏನು ಮಾಡಲಿ? ಅದಕ್ಕೆ ಉತ್ತರ ಸಿಕ್ಕಿದ್ದು ಡಗ್ಲಾಸ್ ಹಬ್ಬರ್ಡ್ ಅವರ 'ಹೌ ಟು ಮೆಷರ್ ಎನಿಥಿಂಗ್'ನಲ್ಲಿ.

ಯಾವ ಅಂಕಿ ಬಂದರೆ ನಿನ್ನ ತೀರ್ಮಾನ ಬದಲಾಗುತ್ತೆ ಎಂದು ಮೊದಲು ಕೇಳಿಕೊಳ್ಳಬೇಕು. ನನ್ನ ಲೆಕ್ಕ ಸುಲಭ. 55 ಕಾಲ್, 11 ಜನ, ಅಂದರೆ ತಲೆಗೆ 5. ಕೆಲಸದ 480 ನಿಮಿಷವನ್ನು 5ರಿಂದ ಭಾಗಿಸಿದರೆ 96. ಕಾಲ್ ಒಂದಕ್ಕೆ ಓಡಾಟವೂ ಸೇರಿ 96 ನಿಮಿಷದೊಳಗೆ ಮುಗಿದರೆ ಇರುವವರೇ ಸಾಕು, ದಾಟಿದರೆ ಜನ ಬೇಕು.

ಆಮೇಲೆ, ನಿಜವಾದ ಉತ್ತರ ಒಳಗಿದೆ ಎಂದು ನೂರಕ್ಕೆ 90ರಷ್ಟು ಧೈರ್ಯವಾಗಿ ಹೇಳಬಲ್ಲ ಒಂದು ಅಂತರ ಬರೆಯಬೇಕು. ನಾನು 60ರಿಂದ 90 ಎಂದು ಬರೆದೆ. ಅದಕ್ಕೊಂದು ಪರೀಕ್ಷೆ ಇದೆ. ನಿನ್ನ ಅಂತರ ಸರಿಯಾದರೆ ಬಹುಮಾನವೋ, ಅಥವಾ ನೂರಕ್ಕೆ 90 ಸಲ ಗೆಲ್ಲಿಸುವ ಚಕ್ರ ತಿರುಗಿಸಿದರೆ ಅದೇ ಬಹುಮಾನವೋ, ಯಾವುದು ಬೇಕು? ನನ್ನ ಮನಸ್ಸು ತಕ್ಷಣ ಚಕ್ರದ ಕಡೆ ಹೋಯಿತು. ಅಂದರೆ ನನಗಿದ್ದ ಧೈರ್ಯಕ್ಕೆ ಆ ಅಂತರ ಚಿಕ್ಕದು. ಹಿಗ್ಗಿಸುತ್ತಾ 40ರಿಂದ 150ಕ್ಕೆ ಬಂದೆ. ಈಗ 96 ಅದರ ಒಳಗೇ ಬಿತ್ತು, ಹಾಗಾಗಿ ಅಳೆದು ನೋಡಲೇಬೇಕು. ಇಡೀ ಅಂತರ 96ರ ಒಂದೇ ಪಕ್ಕ ಇದ್ದಿದ್ದರೆ ಅಳೆಯುವ ಕೆಲಸವೇ ಇರುತ್ತಿರಲಿಲ್ಲ.

ಅಳೆಯಲು ಐದೇ ಸಾಕು ಎನ್ನುತ್ತಾರೆ ಹಬ್ಬರ್ಡ್. ಯಾವುದೇ ಗುಂಪಿನಿಂದ ಕಣ್ಣು ಮುಚ್ಚಿ ಐದನ್ನು ಎತ್ತಿದರೆ, ಇಡೀ ಗುಂಪನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವ ಅಂಕಿ ಆ ಐದರಲ್ಲಿ ಚಿಕ್ಕದು ಮತ್ತು ದೊಡ್ಡದರ ನಡುವೆ ಇರುವ ಸಾಧ್ಯತೆ ನೂರಕ್ಕೆ 93.75. ನಾಣ್ಯ ಚಿಮ್ಮಿದ ಹಾಗೆ ಯೋಚಿಸಿ: ಐದೂ ನಡುವಿನ ಅಂಕಿಗಿಂತ ಮೇಲೇ ಬೀಳುವುದು 32ರಲ್ಲಿ ಒಂದು ಸಲ, ಐದೂ ಕೆಳಗೇ ಬೀಳುವುದು ಇನ್ನೊಂದು ಸಲ.

ಸುಮ್ನೆ ಫೋನ್ ಎತ್ತಿದವರನ್ನು ಕೇಳಿದರೆ ಇದು ನಡೆಯಲ್ಲ. ಡಬ್ಬಿ ಮುಚ್ಚಳದಲ್ಲಿ 0ಯಿಂದ 9ರವರೆಗೆ ಚೀಟಿ ಹಾಕಿ, ಒಂದೊಂದೇ ಅಂಕಿ ತೆಗೆದು ಜೋಡಿಸುತ್ತಾ, ಹಿಂದಿನ ತಿಂಗಳ ಕಾಲ್‌ಗಳ ಕ್ರಮಸಂಖ್ಯೆಯನ್ನು ಎತ್ತಿದೆ. ಹೊರಡುವಾಗ ಹುಡುಗರು ಗ್ರಾಹಕರಿಗೆ ಫೋನ್ ಮಾಡುತ್ತಾರೆ, ಮುಗಿದ ಮೇಲೆ ಯುಪಿಐನಲ್ಲಿ ದುಡ್ಡು ಬರುತ್ತೆ. ಎರಡೂ ಸಮಯ ಮೊಬೈಲ್‌ನಲ್ಲೇ ಸಿಕ್ಕವು. 50, 65, 70, 80, 90. ಅರ್ಧ ದಿನದ ಕೆಲಸ. ಐದೂ 96ರ ಕೆಳಗೇ ಇವೆ ಅಂತ ಅವತ್ತೇ 'ಜನ ಬೇಡ' ಎಂದು ಮೇಲ್ ಹಾಕಿದೆ.

ಎರಡೇ ವಾರಕ್ಕೆ ಎಡವಿದೆ. ಕೆಲವು ದಿನ ಐದಾರು ಕಾಲ್ ಮರುದಿನಕ್ಕೆ ಉಳಿಯುತ್ತಿದ್ದವು. ಇನ್ನೂ ಹತ್ತು ಚೀಟಿ ಎತ್ತಿದೆ. ಎಂಟು 100 ಅಥವಾ ಅದಕ್ಕಿಂತ ಕಡಿಮೆ, ಆದರೆ ಒಂದು 210, ಒಂದು 240. ಹದಿನೈದನ್ನೂ ಸಾಲಾಗಿ ಇಟ್ಟರೆ ನಡುವಿನದು 80. ಕೂಡಿ ಭಾಗಿಸಿದರೆ ಸರಾಸರಿ ಸರಿಯಾಗಿ 96! ಪುಸ್ತಕ ಹೇಳಿದ್ದು ನಡುವಿನ ಅಂಕಿಯ ಬಗ್ಗೆ. ದಿನದ ಕೆಲಸ ಮುಗಿಯುತ್ತಾ ಎಂದು ನೋಡಲು ಬೇಕಾದದ್ದು ಸರಾಸರಿ. ಎಲ್ಲೋ ಒಂದು 240 ಬಂದರೆ ನಡುವಿನದು ಅಲ್ಲಾಡುವುದಿಲ್ಲ, ದಿನ ಮಾತ್ರ ಹಾಳು. ತಪ್ಪು ಹಬ್ಬರ್ಡ್ ಅವರದಲ್ಲ, ಅವಸರದಲ್ಲಿ ಓದಿದ ನನ್ನದು.

ಆ ಎರಡೂ ಯಾವ ಕಾಲ್ ಎಂದು ನಮ್ಮ ಹಿರಿಯ ಟೆಕ್ನಿಷಿಯನ್‌ರನ್ನು ಕೇಳಿದೆ. "ಹೊಸ ಮೆಷಿನ್ ಕೂರಿಸೋದು ಮೇಡಂ. ಗೋಡೆ ಕೊರೀಬೇಕು, ಪೈಪ್ ಎಳೀಬೇಕು. ಅವತ್ತು ನಮಗೆ ಊಟಕ್ಕೂ ಪುರುಸೊತ್ತು ಇರಲ್ಲ," ಎಂದರು. ಇದನ್ನು ಸುಮ್ಮನೆ ಕೂತಿದ್ದ ಆ ಮೂರು ವಾರದಲ್ಲೇ ಕೇಳಬಹುದಿತ್ತು, ಅಲ್ವಾ?

ಈಗ ಇಬ್ಬರು ಹೊಸ ಮೆಷಿನ್ ಕೂರಿಸುವುದನ್ನಷ್ಟೇ ಮಾಡುತ್ತಾರೆ. ಮಾಮೂಲಿ ಸರ್ವಿಸ್‌ಗೆ ಒಬ್ಬರನ್ನು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದೇನೆ, ಬೇಡವಾದರೆ ಅಲ್ಲಿಗೇ ನಿಲ್ಲಿಸಬಹುದು. ಪ್ರತಿ ಶನಿವಾರ ಎರಡೂ ಪಟ್ಟಿಯಿಂದ ಬೇರೆ ಬೇರೆಯಾಗಿ ಚೀಟಿ ಎತ್ತುತ್ತೇನೆ.