ಬಿಟ್ಟ ಸ್ಥಳ ತುಂಬುವ ಮೊದಲು ಕ್ರಿಯಾಪದದ ಯಜಮಾನನನ್ನು ಹುಡುಕಿ

ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬುವ ಭಾಗ ಬಂದರೆ ಹೆಚ್ಚಿನವರು ಮಾಡುವುದು ಇಷ್ಟೇ: ನಾಲ್ಕು ಆಯ್ಕೆಗಳನ್ನೂ ಒಂದೊಂದಾಗಿ ಖಾಲಿ ಜಾಗದಲ್ಲಿ ಕೂರಿಸಿ, ಮನಸ್ಸಿನಲ್ಲೇ ಓದಿ, ಕಿವಿಗೆ ಹಿತವೆನಿಸಿದ್ದಕ್ಕೆ ಗುರುತು ಹಾಕುತ್ತಾರೆ. ಪ್ರಶ್ನೆ ತೆಗೆಯುವವರಿಗೂ ಇದು ಗೊತ್ತು. ಆದ್ದರಿಂದಲೇ ಕಿವಿಗೆ ಹಿತವಾಗುವ ತಪ್ಪು ಉತ್ತರವೊಂದು ಆಯ್ಕೆಗಳಲ್ಲಿ ಇದ್ದೇ ಇರುತ್ತದೆ.

ಹಾಗಾಗಿ ಮೊದಲ ಹೆಜ್ಜೆ: ಆಯ್ಕೆಗಳನ್ನು ಕೈಯಿಂದ ಮುಚ್ಚಿ, ವಾಕ್ಯವನ್ನು ಪೂರ್ತಿ ಓದಿ. ಖಾಲಿ ಜಾಗದವರೆಗೆ ಮಾತ್ರ ಓದಿ ನಿಲ್ಲಿಸಬೇಡಿ. ಕಾಲದ ಸುಳಿವು ಬಹಳ ಸಲ ವಾಕ್ಯದ ಕೊನೆಯಲ್ಲಿರುತ್ತದೆ.

ಎರಡನೆಯ ಹೆಜ್ಜೆಯೇ ನಿಜವಾದ ಕೆಲಸ. ಕ್ರಿಯಾಪದಕ್ಕೆ ಯಜಮಾನ ಯಾರು, ಅಂದರೆ ನಿಜವಾದ ಕರ್ತೃಪದ ಯಾವುದು ಎಂದು ಕಂಡುಹಿಡಿಯಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಈ ಉದಾಹರಣೆ ನೋಡಿ:

ದ ಕ್ವಾಲಿಟಿ ಆಫ್ ದೀಸ್ ಪಿಕ್ಚರ್ಸ್ ____ ಪೂರ್.

ಖಾಲಿ ಜಾಗದ ಪಕ್ಕದಲ್ಲೇ 'ಪಿಕ್ಚರ್ಸ್' ಎಂಬ ಬಹುವಚನ ಇದೆ. ಕಿವಿ 'ಆರ್' ಎನ್ನುತ್ತದೆ, ಸರಿಯುತ್ತರ 'ಈಸ್'. ಈ ತಪ್ಪಿಗೆ ಕನ್ನಡದ ಅಭ್ಯಾಸವೂ ಕಾರಣ. 'ಈ ಚಿತ್ರಗಳ ಗುಣಮಟ್ಟ ಚೆನ್ನಾಗಿಲ್ಲ' ಎನ್ನುವಾಗ 'ಚಿತ್ರಗಳ' ಎಂಬುದು ಮುಂಚೆಯೇ ಬಂದುಹೋಗುತ್ತದೆ, ಮುಖ್ಯ ಪದವಾದ 'ಗುಣಮಟ್ಟ' ಕ್ರಿಯಾಪದದ ಹತ್ತಿರ ನಿಲ್ಲುತ್ತದೆ. ಇಂಗ್ಲಿಷಿನ 'ಆಫ್' ಈ ಕ್ರಮವನ್ನು ತಿರುಗಿಸುತ್ತದೆ. ಮುಖ್ಯ ಪದ ಹಿಂದೆ ಉಳಿದು, ಅದರ ಬಾಲ ಕ್ರಿಯಾಪದದ ಪಕ್ಕಕ್ಕೆ ಬಂದು ಕೂರುತ್ತದೆ. ಪಕ್ಕದ ಪದವನ್ನು ನೋಡಿ ಕ್ರಿಯಾಪದ ಆರಿಸುವ ಕಣ್ಣಿಗೆ ಯಜಮಾನ ಕಾಣದೆ ಬಾಲ ಕಾಣುವುದು ಹೀಗೆ.

ಪರಿಹಾರ ಪೆನ್ಸಿಲ್‌ನದ್ದು. 'ಆಫ್', 'ಇನ್', 'ವಿತ್', 'ಅಲಾಂಗ್ ವಿತ್', 'ಆ್ಯಸ್ ವೆಲ್ ಆ್ಯಸ್', 'ಟುಗೆದರ್ ವಿತ್' ಇವುಗಳಿಂದ ಶುರುವಾಗುವ ತುಂಡನ್ನು ತೆಳುವಾದ ಗೆರೆಯಿಂದ ಹೊಡೆದುಹಾಕಿ, ಉಳಿದದ್ದನ್ನು ಓದಿ. 'ದ ಕ್ಯಾಪ್ಟನ್ ಅಲಾಂಗ್ ವಿತ್ ದ ಪ್ಲೇಯರ್ಸ್ ____ ರೆಡಿ' ಎಂಬಲ್ಲಿ ಉಳಿಯುವುದು 'ದ ಕ್ಯಾಪ್ಟನ್' ಒಬ್ಬನೇ. ಎಷ್ಟೇ ಆಟಗಾರರು ಜೊತೆಗಿದ್ದರೂ ಉತ್ತರ 'ಈಸ್'. ಅದೇ 'ಅಂಡ್' ಬಂದಿದ್ದರೆ ಇಬ್ಬರೂ ಯಜಮಾನರು, ಆಗ 'ಆರ್'. ಅರ್ಥ ಒಂದೇ ಅಲ್ಲವೇ ಎಂದು ವಾದಿಸಿ ಪ್ರಯೋಜನವಿಲ್ಲ, ವ್ಯಾಕರಣ ನೋಡುವುದು ವಾಕ್ಯದ ಕಟ್ಟನ್ನು.

ಹೊಡೆದುಹಾಕುವ ಈ ಉಪಾಯ ಮುಖ್ಯವಾಗಿ ಎರಡು ಕಡೆ ಕೈಕೊಡುತ್ತದೆ. ಒಂದು, 'ಅ ನಂಬರ್ ಆಫ್'. ಇಲ್ಲಿ 'ನಂಬರ್' ಯಜಮಾನ ಅಲ್ಲ, ಇಡೀ ಪದಪುಂಜಕ್ಕೆ 'ಹಲವು' ಎಂದಷ್ಟೇ ಅರ್ಥ. ಆದ್ದರಿಂದ 'ಅ ನಂಬರ್ ಆಫ್ ಸ್ಟೂಡೆಂಟ್ಸ್ ಆರ್' ಸರಿ. 'ದ ನಂಬರ್ ಆಫ್' ಎಂದಾಗ ಮಾತ್ರ 'ಸಂಖ್ಯೆ' ಎಂಬ ಒಂದೇ ವಸ್ತುವಿನ ಬಗ್ಗೆ ಮಾತು, ಅಲ್ಲಿ 'ಈಸ್'. ವ್ಯತ್ಯಾಸವೆಲ್ಲ 'ಅ' ಮತ್ತು 'ದ' ಎಂಬ ಪುಟ್ಟ ಪದಗಳಲ್ಲಿದೆ. ಇನ್ನೊಂದು, 'ಐದರ್... ಆರ್', 'ನೈದರ್... ನಾರ್' ಜೋಡಿಗಳು. ಇವುಗಳಲ್ಲಿ ಪಕ್ಕದ ಪದದ ಮಾತು ನಡೆಯುತ್ತದೆ: 'ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್ ವರ್'. ಪದಗಳನ್ನು ಅದಲುಬದಲು ಮಾಡಿ ಟೀಚರ್ ಅನ್ನು ಕೊನೆಗೆ ತಂದರೆ 'ವಾಸ್'.

'ಎವ್ರಿಒನ್', 'ಈಚ್' ಇವುಗಳಿಗೆ ಏಕವಚನ. ನಿಯಮ ಸುಲಭ, ಆದರೆ ಕನ್ನಡದಲ್ಲಿ 'ಪ್ರತಿಯೊಬ್ಬರೂ ಬಂದಿದ್ದಾರೆ' ಎಂದು ಬಹುವಚನ ಹೇಳಿ ರೂಢಿಯಾದವರ ಕೈ ತಾನಾಗಿ 'ಹ್ಯಾವ್' ಕಡೆಗೆ ಹೋಗುತ್ತದೆ. 'ಎವ್ರಿಒನ್ ಹ್ಯಾಸ್ ಕಮ್' ಎಂದು ನಾಲ್ಕು ಸಲ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ.

ಮೂರನೆಯ ಹೆಜ್ಜೆ ಕಾಲ. ಮಾರುಕಟ್ಟೆಯಲ್ಲಿ ಸಿಗುವ ಗೈಡುಗಳಲ್ಲಿ ಒಂದು ಪಟ್ಟಿ ಇರುತ್ತದೆ: 'ಸಿನ್ಸ್' ಕಂಡರೆ 'ಹ್ಯಾಸ್ ಬೀನ್', 'ಟುಮಾರೋ' ಕಂಡರೆ 'ವಿಲ್', 'ಯೆಸ್ಟರ್ಡೇ' ಕಂಡರೆ ಪಾಸ್ಟ್ ಟೆನ್ಸ್. ಈ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಯೆಸ್ಟರ್ಡೇಯ ನಿಯಮ ಮಾತ್ರ ಸಾಮಾನ್ಯವಾಗಿ ನಿಲ್ಲುತ್ತದೆ. ಕನ್ನಡದಲ್ಲಿ 'ಅವನು ನಿನ್ನೆ ಬಂದಿದ್ದಾನೆ' ಎನ್ನಬಹುದು, ಇಂಗ್ಲಿಷಿನಲ್ಲಿ ನಿನ್ನೆಯ ಜೊತೆ 'ಹ್ಯಾಸ್ ಕಮ್' ಕೂಡುವುದಿಲ್ಲ, 'ಕೇಮ್' ಎಂದೇ ಆಗಬೇಕು. ಉಳಿದೆರಡು ನಿಯಮಗಳೇ ಬಲೆಗಳು.

'ಸಿನ್ಸ್' ಪದಕ್ಕೆ 'ಅಂದಿನಿಂದ' ಎಂಬ ಅರ್ಥದಂತೆ 'ಏಕೆಂದರೆ' ಎಂಬ ಅರ್ಥವೂ ಇದೆ. 'ಸಿನ್ಸ್ ಹಿ ____ ಇಲ್, ಹಿ ಡಿಡ್ ನಾಟ್ ಕಮ್' ಎಂಬಲ್ಲಿ ಕಾಯಿಲೆ ಆಗಿದ್ದರಿಂದ ಬರಲಿಲ್ಲ ಎಂದರ್ಥ, ಉತ್ತರ 'ವಾಸ್'. ಪಟ್ಟಿ ನಂಬಿದವರು 'ಹ್ಯಾಸ್ ಬೀನ್' ಬರೆದು ಬರುತ್ತಾರೆ. 'ಫಾರ್' ಕೂಡ ಹೀಗೆಯೇ. 'ಹಿ ____ ಹಿಯರ್ ಫಾರ್ ಟೂ ಇಯರ್ಸ್ ಅಂಡ್ ದೆನ್ ಲೆಫ್ಟ್' ಎಂದರೆ ಆ ಎರಡು ವರ್ಷ ಮುಗಿದುಹೋಗಿದೆ, ಅವನು ಬಿಟ್ಟುಹೋದ. ಇಲ್ಲಿ 'ವರ್ಕ್ಡ್' ಸಾಕು. ಸುಳಿವಿನ ಪದ ಕಂಡಾಗ ಕೇಳಬೇಕಾದ ಪ್ರಶ್ನೆ: ಆ ಕೆಲಸ ಅಥವಾ ಸ್ಥಿತಿ ಈ ಕ್ಷಣದವರೆಗೆ ಎಳೆದುಕೊಂಡು ಬಂದಿದೆಯೇ? ಬಂದಿದ್ದರೆ 'ಹ್ಯಾಸ್' ಅಥವಾ 'ಹ್ಯಾವ್' ಬೇಕು, ಹಿಂದೆಯೇ ಮುಗಿದಿದ್ದರೆ ಬೇಡ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು, ಅದು ಅನುವಾದದಿಂದ ಬರುವುದು. 'ಅವನು ಐದು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ' ಎಂಬ ವಾಕ್ಯವನ್ನು ಹಾಗೆಯೇ ಎತ್ತಿಟ್ಟರೆ 'ಈಸ್ ವರ್ಕಿಂಗ್' ಆಗುತ್ತದೆ. ಇಂಗ್ಲಿಷ್ ಅಲ್ಲಿ 'ಹ್ಯಾಸ್ ಬೀನ್ ವರ್ಕಿಂಗ್' ಕೇಳುತ್ತದೆ. ಹಾಗೆಂದು ಎಲ್ಲ ಕ್ರಿಯಾಪದಕ್ಕೂ 'ಇಂಗ್' ಅಂಟಿಸಬೇಡಿ. 'ನೋ' ಎಂಬಂಥ, ತಿಳಿದಿರುವ ಸ್ಥಿತಿಯನ್ನು ಹೇಳುವ ಕ್ರಿಯಾಪದಕ್ಕೆ ಅದು ಹೊಂದುವುದಿಲ್ಲ. 'ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್' ಸರಿ, 'ಹ್ಯಾವ್ ಬೀನ್ ನೋಯಿಂಗ್' ತಪ್ಪು.

'ಟುಮಾರೋ' ಬಲೆ ಇರುವುದು 'ಇಫ್', 'ವೆನ್', 'ಆ್ಯಸ್ ಸೂನ್ ಆ್ಯಸ್' ಇರುವ ಉಪವಾಕ್ಯದಲ್ಲಿ. 'ಇಫ್ ಇಟ್ ____ ಟುಮಾರೋ, ದ ಮ್ಯಾಚ್ ವಿಲ್ ಬಿ ಕ್ಯಾನ್ಸಲ್ಡ್' ಎಂಬಲ್ಲಿ ನಾಳೆಯ ಮಾತಾದರೂ 'ರೇನ್ಸ್' ಎಂದೇ ಬರೆಯಬೇಕು. 'ವಿಲ್' ಆಗಲೇ ಮುಖ್ಯ ವಾಕ್ಯದಲ್ಲಿದೆ. 'ಮಳೆ ಬಂದರೆ' ಎನ್ನುವಾಗ ನಾವು 'ಬಂದರೆ'ಯೊಳಗೆ ಭವಿಷ್ಯತ್ತನ್ನು ತುರುಕುವುದಿಲ್ಲವಲ್ಲ, ಈ ಒಂದು ಕಡೆ ಕನ್ನಡ ಕೈಹಿಡಿಯುತ್ತದೆ.

'ಡಿಡ್' ಬಂದರೆ ಮೂಲರೂಪ. 'ಡಿಡ್ ಹಿ ಗೋ', 'ವೆಂಟ್' ಅಲ್ಲ.

ಈಗ ಯಜಮಾನ, ಕಾಲ ಎರಡರ ಬಲೆಗಳೂ ಒಟ್ಟಿಗೆ ಇರುವ ಪ್ರಶ್ನೆಯೊಂದನ್ನು ಬಿಡಿಸೋಣ.

ಒನ್ ಆಫ್ ದ ಮಷೀನ್ಸ್ ದಟ್ ____ ಬಾಟ್ ಲಾಸ್ಟ್ ಇಯರ್ ____ ಔಟ್ ಆಫ್ ಆರ್ಡರ್ ಸಿನ್ಸ್ ಮಂಡೇ.

ಆಯ್ಕೆಗಳು:
ಅ) ವಾಸ್, ಈಸ್
ಆ) ವರ್, ಹ್ಯಾವ್ ಬೀನ್
ಇ) ವರ್, ಹ್ಯಾಸ್ ಬೀನ್
ಈ) ಹ್ಯಾವ್ ಬೀನ್, ಹ್ಯಾಸ್ ಬೀನ್

ಖಾಲಿ ಜಾಗ ಎರಡು, ಯಜಮಾನರೂ ಇಬ್ಬರು. ಮೊದಲನೆಯದರ ಮುಂದೆ 'ದಟ್' ಇದೆ. 'ದಟ್' ಯಾರನ್ನು ತೋರಿಸುತ್ತಿದೆ? ಹೋದ ವರ್ಷ ಕೊಂಡದ್ದು ಒಂದೇ ಯಂತ್ರವನ್ನಲ್ಲ, ಹಲವು ಯಂತ್ರಗಳನ್ನು. ಆ ಹಲವುಗಳಲ್ಲಿ ಒಂದರ ಬಗ್ಗೆ ಮಾತು. ಹಾಗಾಗಿ 'ದಟ್' ತೋರಿಸುವುದು 'ಮಷೀನ್ಸ್' ಎಂಬ ಬಹುವಚನವನ್ನು. 'ಲಾಸ್ಟ್ ಇಯರ್' ಎಂದು ಮುಗಿದ ಸಮಯವನ್ನು ಹೇಳಿರುವುದರಿಂದ 'ಹ್ಯಾವ್ ಬೀನ್ ಬಾಟ್' ನಿಲ್ಲುವುದಿಲ್ಲ, 'ವರ್' ಬೇಕು. ಇಷ್ಟಕ್ಕೇ 'ಅ' ಮತ್ತು 'ಈ' ಹೊರಬಿದ್ದವು.

ಎರಡನೆಯದಕ್ಕೆ 'ಆಫ್'ನಿಂದ 'ಲಾಸ್ಟ್ ಇಯರ್'ವರೆಗಿನ ಇಡೀ ಬಾಲವನ್ನು ಹೊಡೆದುಹಾಕಿ. ಉಳಿಯುವುದು 'ಒನ್ ____ ಔಟ್ ಆಫ್ ಆರ್ಡರ್ ಸಿನ್ಸ್ ಮಂಡೇ'. ಕೆಟ್ಟದ್ದು ಒಂದೇ ಯಂತ್ರ, ಆದ್ದರಿಂದ ಏಕವಚನ. ಸೋಮವಾರ ಕೆಟ್ಟದ್ದು ಇನ್ನೂ ಸರಿಯಾಗಿಲ್ಲ, ಸ್ಥಿತಿ ಈವರೆಗೆ ಎಳೆದುಕೊಂಡು ಬಂದಿದೆ, ಆದ್ದರಿಂದ 'ಹ್ಯಾಸ್ ಬೀನ್'. ಉತ್ತರ 'ಇ'. 'ಆ' ಆರಿಸಿದವರು ಮೊದಲ ಯಜಮಾನನನ್ನು ಸರಿಯಾಗಿ ಹಿಡಿದು, ಅವನನ್ನೇ ಎರಡನೆಯ ಜಾಗಕ್ಕೂ ಎಳೆದುಕೊಂಡು ಹೋದವರು. 'ಅ' ಆರಿಸಿದವರು 'ಒನ್' ಕಂಡ ಕೂಡಲೇ ಎಲ್ಲ ಕಡೆ ಏಕವಚನ ಹಾಕಿ, ಮೇಲೆ 'ಸೋಮವಾರದಿಂದ ಕೆಟ್ಟಿದೆ' ಎಂದು ಕನ್ನಡದಲ್ಲಿ ಯೋಚಿಸಿ 'ಈಸ್' ತಂದವರು. ಉತ್ತರ ತಪ್ಪಾದಾಗ ಯಾವ ತಪ್ಪನ್ನು ಆರಿಸಿದಿರಿ ಎಂದು ನೋಡಿಕೊಂಡರೆ ಎಡವಿದ ಜಾಗ ಹೀಗೆ ಗೊತ್ತಾಗುತ್ತದೆ.

ಇದೇ ವಾಕ್ಯ 'ದ ಓನ್ಲಿ ಒನ್ ಆಫ್' ಎಂದು ಶುರುವಾದರೆ ಲೆಕ್ಕ ಬದಲಾಗುತ್ತದೆ. 'ಹಿ ಈಸ್ ದ ಓನ್ಲಿ ಒನ್ ಆಫ್ ದ ಬಾಯ್ಸ್ ಹೂ ____ ದ ಆನ್ಸರ್' ಎಂದರೆ ಉತ್ತರ ಗೊತ್ತಿರುವವನು ಅವನೊಬ್ಬನೇ. ಆಗ 'ಹೂ' ತೋರಿಸುವುದು ಒಬ್ಬನನ್ನು, ಉತ್ತರ 'ನೋಸ್'. ಗೈಡಿನ ಹಿಂಭಾಗದ ಉತ್ತರಪಟ್ಟಿಯಲ್ಲಿ ಈ ಎರಡು ಬಗೆಯ ಪ್ರಶ್ನೆಗಳಿಗೂ ಕಣ್ಣುಮುಚ್ಚಿ ಏಕವಚನ ಕೊಟ್ಟಿದ್ದರೆ ಆ ಪುಸ್ತಕವನ್ನು ಬದಿಗಿಡಿ, ಅದರ ಉಳಿದ ಉತ್ತರಗಳನ್ನೂ ನಂಬುವುದು ಕಷ್ಟ.

ಎರಡು ಉತ್ತರವೂ ಸರಿಯಾಗುವ ಜಾಗಗಳೂ ಇವೆ. 'ನನ್ ಆಫ್ ದ ವಿಂಡೋಸ್' ಆದಮೇಲೆ 'ಈಸ್', 'ಆರ್' ಎರಡನ್ನೂ ಒಪ್ಪುತ್ತಾರೆ, 'ನನ್ ಆಫ್ ದ ವಾಟರ್' ಆದಮೇಲೆ ಮಾತ್ರ 'ಈಸ್' ಒಂದೇ. 'ಟೀಮ್', 'ಕಮಿಟಿ'ಯಂಥ ಪದಗಳನ್ನು ಅಮೆರಿಕನ್ ಇಂಗ್ಲಿಷ್ ಸಾಮಾನ್ಯವಾಗಿ ಏಕವಚನವಾಗಿ ನೋಡುತ್ತದೆ, ಬ್ರಿಟಿಷ್ ಇಂಗ್ಲಿಷ್ ಎರಡನ್ನೂ ಬಳಸುತ್ತದೆ. ಇಂಥಲ್ಲಿ ಆಯ್ಕೆಗಳನ್ನು ಬಿಟ್ಟು ವಾಕ್ಯದ ಮುಂದಿನ ಸರ್ವನಾಮ ಹುಡುಕಿ. 'ದ ಟೀಮ್ ____ ಡಿವೈಡೆಡ್ ಇನ್ ದೇರ್ ಒಪಿನಿಯನ್ಸ್' ಎಂಬಲ್ಲಿ 'ದೇರ್' ಇದೆ, ಸದಸ್ಯರನ್ನು ಬೇರೆಬೇರೆಯಾಗಿ ಎಣಿಸಿದ್ದಾರೆ, 'ಆರ್' ಬರೆಯಿರಿ. ಅಲ್ಲಿ 'ಇಟ್ಸ್' ಇದ್ದರೆ 'ಈಸ್'.